ಗಡಿಯಾರ ಸೊನ್ನೆಗೆ ಬರಲಿ, ಬಿಡಿ

ಇನ್‌ಸ್ಟಾಗ್ರಾಮ್ ನೋಡುತ್ತಾ ಕೂತಿರುವಾಗ ಸೀರೆಯ ಜಾಹೀರಾತೊಂದು ಬರುತ್ತದೆ. ‘ಅಪ್ಪಟ ಮೈಸೂರು ರೇಷ್ಮೆ, ಜರಿ ಅಂಚು, 8,999 ರೂಪಾಯಿಯ ಸೀರೆ ಇವತ್ತು ಮಾತ್ರ 1,299ಕ್ಕೆ.’ ಒತ್ತಿದರೆ ಎಂದೂ ಹೆಸರು ಕೇಳಿರದ ಜಾಲತಾಣ ತೆರೆದುಕೊಳ್ಳುತ್ತದೆ. ಮೇಲ್ಗಡೆಯ ಕೆಂಪು ಪಟ್ಟಿಯಲ್ಲಿ 00:14:37 ಎಂದು ಗಡಿಯಾರ ಇಳಿಯುತ್ತಿದೆ. ಬೆಲೆಯ ಕೆಳಗೆ ‘ಬರೀ 3 ಉಳಿದಿವೆ’ ಎಂಬ ಸಾಲು. ಪಕ್ಕದಲ್ಲಿ ಕಣ್ಣಿನ ಚಿತ್ರ, ‘ಈಗ 41 ಜನ ಈ ಸೀರೆ ನೋಡುತ್ತಿದ್ದಾರೆ’ ಎಂಬ ಲೆಕ್ಕ. ನೋಡನೋಡುತ್ತಲೇ ಮೂಲೆಯಿಂದ ಚೌಕವೊಂದು ಜಾರಿ ಬಂದು, ಹುಬ್ಬಳ್ಳಿಯ ಯಾರೋ ಒಬ್ಬರು ಎರಡು ನಿಮಿಷದ ಹಿಂದೆ ಇದನ್ನೇ ಕೊಂಡರೆಂದು ಹೇಳಿ ಮಾಯವಾಗುತ್ತದೆ.

ಇದು ಯಾವುದೋ ಒಂದು ನಿರ್ದಿಷ್ಟ ತಾಣದ ವರ್ಣನೆಯಲ್ಲ. ಇಂಥ ಪುಟಗಳೆಲ್ಲ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ತಯಾರಾಗುವುದರಿಂದ, ಮಾದರಿಗೆಂದು ಒಂದನ್ನು ಮುಂದಿಟ್ಟುಕೊಂಡು ಅದರ ಪಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ. ಇದಕ್ಕೆ ಕಂಪ್ಯೂಟರ್ ಪಂಡಿತರೇನೂ ಬೇಕಿಲ್ಲ. ಕೈಯಲ್ಲಿರುವ ಫೋನು ಮತ್ತು ಒಂದು ಕಾಲು ಗಂಟೆ ಸಾಕು. ಆ ಕಾಲು ಗಂಟೆ ನಮಗೆ ಸಿಗಬಾರದೆಂಬುದೇ ಗಡಿಯಾರದ ಉದ್ದೇಶ.

ಮೊದಲು ಒಂದು ಪ್ರಶ್ನೆ: ಈ ಗಡುವು ಯಾಕೆ? ನಿಜವಾದ ಗಡುವಿಗೆ ಪುಟದಾಚೆ ಒಂದು ಕಾರಣ ಇದ್ದೇ ಇರುತ್ತದೆ. ಆಷಾಢದಲ್ಲಿ ಮದುವೆ ಮುಂಜಿ ನಡೆಯುವುದಿಲ್ಲ, ಬಟ್ಟೆ ಅಂಗಡಿಗೆ ಗಿರಾಕಿ ಕಡಿಮೆ, ಶ್ರಾವಣಕ್ಕೆ ಹೊಸ ಮಾಲು ಬರುವ ಮೊದಲು ಹಳೆಯದು ಖಾಲಿಯಾಗಬೇಕು. ಅದಕ್ಕೇ ಆಷಾಢದ ರಿಯಾಯಿತಿ, ಅದಕ್ಕೇ ಅದಕ್ಕೊಂದು ಕೊನೆಯ ದಿನ. ರೈಲಿನ ತತ್ಕಾಲ್ ಟಿಕೆಟ್ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಬೋಗಿಯಲ್ಲಿರುವ ಸೀಟು ಇಷ್ಟೇ ಎಂದು ಎಲ್ಲರಿಗೂ ಗೊತ್ತು. ಸಿನಿಮಾ ಸೀಟು ಆರಿಸಿದ ಮೇಲೆ ಕೆಲವೇ ನಿಮಿಷದಲ್ಲಿ ಹಣ ಕಟ್ಟಿ ಎನ್ನುವುದಕ್ಕೂ ಅರ್ಥವಿದೆ, ಏಕೆಂದರೆ ಅದೇ ಸೀಟನ್ನು ಇನ್ನೊಬ್ಬರಿಗೆ ಕೊಡದೆ ತಡೆದಿಟ್ಟಿರುತ್ತಾರೆ. ಆದರೆ ನಾನು ಲಿಂಕ್ ಒತ್ತಿದ ಕ್ಷಣಕ್ಕೆ ಸರಿಯಾಗಿ ಶುರುವಾಗಿ, ಹದಿನೈದು ನಿಮಿಷಕ್ಕೆ ಸರಿಯಾಗಿ ಮುಗಿಯುವ ಸೀರೆ ಮಾರಾಟಕ್ಕೆ ಯಾವ ಕಾರಣ ಕೊಡಬಹುದು? ನಾನು ಮಧ್ಯಾಹ್ನ ಎರಡಕ್ಕೆ ತೆರೆದರೂ ಹದಿನೈದು ನಿಮಿಷ, ಪಕ್ಕದ ಮನೆಯವರು ರಾತ್ರಿ ಹತ್ತಕ್ಕೆ ತೆರೆದರೂ ಹದಿನೈದೇ ನಿಮಿಷ.

ಹಾಗಾಗುವುದು ಹೇಗೆಂದರೆ, ಆ ಗಡಿಯಾರ ಅಂಗಡಿಯಲ್ಲಿ ಓಡುತ್ತಿರುವುದಿಲ್ಲ, ನಮ್ಮ ಫೋನಿನಲ್ಲೇ ಓಡುತ್ತಿರುತ್ತದೆ. ಪುಟ ತೆರೆದಾಗ ಅದರ ಜೊತೆ ಒಂದು ಪುಟ್ಟ ಪ್ರೋಗ್ರಾಂ ನಮ್ಮ ಬ್ರೌಸರಿಗೆ ಇಳಿಯುತ್ತದೆ. ಅದರೊಳಗೆ ಇರುವುದು ಹೆಚ್ಚುಕಡಿಮೆ ಇಷ್ಟು:

```
let minutes = 15;
let stock = Math.floor(Math.random() * 5) + 2;
```

ಮೊದಲ ಸಾಲು, ಯಾರೇ ಬಂದರೂ ಹದಿನೈದು ನಿಮಿಷದಿಂದ ಇಳಿಸುತ್ತಾ ಹೋಗು ಎನ್ನುತ್ತದೆ. ಎರಡನೆಯದು, ಎರಡರಿಂದ ಆರರವರೆಗಿನ ಯಾವುದೋ ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ಎತ್ತಿ ‘ಉಳಿದಿರುವ ಸೀರೆ’ ಎಂದು ತೋರಿಸು ಎನ್ನುತ್ತದೆ. ಗೋದಾಮಿಗೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ, ಗೋದಾಮು ಎಂಬುದೊಂದು ಇದ್ದರೆ. ಇದನ್ನು ಅಂಗಡಿಯವರೇ ಕೂತು ಬರೆಯಬೇಕೆಂದೂ ಇಲ್ಲ. ಆನ್‌ಲೈನ್ ಅಂಗಡಿ ಕಟ್ಟಿಕೊಡುವ ವೇದಿಕೆಗಳಲ್ಲಿ ಟೈಮರು, ಸ್ಟಾಕ್ ಪಟ್ಟಿ, ‘ಈಗ ಕೊಂಡರು’ ಚೌಕ ಎಲ್ಲವೂ ಸಿದ್ಧ ಆಡ್-ಆನ್‌ಗಳಾಗಿ ಸಿಗುತ್ತವೆ. ಎಷ್ಟು ನಿಮಿಷ, ಯಾವ ಬಣ್ಣ ಎಂದು ತುಂಬಿದರೆ ಮುಗಿಯಿತು. ಅವನ್ನು ನಿಜವಾದ ಲೆಕ್ಕಕ್ಕೆ ಜೋಡಿಸುವ ಅವಕಾಶವೂ ಇರಬಹುದು. ಜೋಡಿಸುವುದು ಬಿಡುವುದು ಮಾರುವವರ ಮನಸ್ಸಿಗೆ ಬಿಟ್ಟದ್ದು.

ಇನ್ನು ಪರೀಕ್ಷೆ. ಜಾಹೀರಾತಿನಿಂದ ಬಂದ ಪುಟ ಸಾಮಾನ್ಯವಾಗಿ ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್ಕಿನ ಒಳಗೇ ತೆರೆದಿರುತ್ತದೆ. ಮೂರು ಚುಕ್ಕಿ ಒತ್ತಿ ಅದನ್ನು ಕ್ರೋಮ್‌ನಂಥ ಬ್ರೌಸರಿಗೆ ತೆಗೆದುಕೊಳ್ಳಿ. ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಗಡಿಯಾರ ಮತ್ತೆ ಹದಿನೈದಕ್ಕೆ ಹೋದರೆ ಅಲ್ಲಿಗೆ ವಿಷಯ ಮುಗಿಯಿತು. ಆದರೆ ಎಲ್ಲರೂ ಅಷ್ಟು ದಡ್ಡರಲ್ಲ. ನೀವು ಮೊದಲ ಸಲ ಬಂದ ಹೊತ್ತನ್ನು ಬ್ರೌಸರಿನ ನೆನಪಿನಲ್ಲಿ ಬರೆದಿಟ್ಟು, ರಿಫ್ರೆಶ್ ಮಾಡಿದರೂ ಅಲ್ಲಿಂದಲೇ ಮುಂದುವರಿಸುವ ಗಡಿಯಾರಗಳಿವೆ. ಹನ್ನೊಂದು ನಿಮಿಷ ಇದ್ದದ್ದು ಹನ್ನೊಂದರಲ್ಲೇ ಇದೆ, ಹಾಗಾದರೆ ನಿಜವೇ ಇರಬೇಕು ಎಂದು ನಾವು ನಂಬಿಬಿಡುತ್ತೇವೆ. ಆಗ ಅದೇ ವಿಳಾಸವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಬೇಕು. ಅಲ್ಲಿ ಹಳೆಯ ನೆನಪು ಇರುವುದಿಲ್ಲ, ನೀವು ಹೊಸಬರು. ಒಂದು ಕಿಟಕಿಯಲ್ಲಿ ಹನ್ನೊಂದು, ಇನ್ನೊಂದರಲ್ಲಿ ಹದಿನೈದು ನಿಮಿಷ ಕಂಡರೆ ಒಂದೇ ಮಾರಾಟ ಎರಡು ಬೇರೆ ಹೊತ್ತಿಗೆ ಮುಗಿಯುತ್ತಿದೆ ಎಂದಾಯಿತು. ಇನ್ನೂ ಜಾಣ ಗಡಿಯಾರ ನಿಮ್ಮ ಇಂಟರ್ನೆಟ್ ಸಂಪರ್ಕದ ವಿಳಾಸವನ್ನೇ ಗುರುತಿಟ್ಟುಕೊಂಡಿರಬಹುದು. ಅನುಮಾನವಿದ್ದರೆ ಮನೆಯ ಇನ್ನೊಬ್ಬರ ಫೋನಿನಲ್ಲಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ.

ಇದೆಲ್ಲ ರಗಳೆ ಎನ್ನಿಸಿದರೆ ಅದಕ್ಕಿಂತ ಸುಲಭವಾದದ್ದು ಒಂದಿದೆ: ಸೊನ್ನೆಯವರೆಗೆ ಕಾಯುವುದು. ನಮ್ಮ ಮಾದರಿ ಪುಟದಲ್ಲಿ 00:00:00 ಆದ ಮೇಲೆ ಆಗಬಹುದಾದ್ದು ಮೂರು. ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗಬಹುದು. ಸೊನ್ನೆಯಲ್ಲೇ ನಿಂತು, ಬೆಲೆ ಮಾತ್ರ 1,299ರಲ್ಲೇ ಉಳಿಯಬಹುದು. ಅಥವಾ ಬೆಲೆ ನಿಜಕ್ಕೂ 8,999ಕ್ಕೆ ಏರಬಹುದು. ಮೂರನೆಯದು ಆದರೆ ಮಾತ್ರ ಗಡಿಯಾರ ಹೇಳಿದ್ದು ಆ ಮಟ್ಟಿಗೆ ನಿಜ. ಆಗಲೂ ಮಾರನೆಯ ದಿನ ಒಮ್ಮೆ ಇಣುಕುವುದು ಒಳ್ಳೆಯದು, ಏಕೆಂದರೆ ಪ್ರತಿದಿನ ನಡುರಾತ್ರಿಗೆ ‘ಮುಗಿದು’ ಬೆಳಗಾಗುತ್ತಲೇ ಮತ್ತೆ ‘ಇವತ್ತು ಮಾತ್ರ’ ಆಗುವ ಮಾರಾಟಗಳೂ ಇವೆ. ಕಾರ್ಟಿನ ಗಡಿಯಾರಕ್ಕೂ ಇದೇ ಮಾತು. ‘ನಿಮಗಾಗಿ ಹತ್ತು ನಿಮಿಷ ಕಾಯ್ದಿರಿಸಿದ್ದೇವೆ’ ಎಂದದ್ದು ಮುಗಿದ ಮೇಲೆಯೂ ಸೀರೆ ಅದೇ ಬೆಲೆಗೆ ಕಾರ್ಟಿನಲ್ಲೇ ಕೂತಿದ್ದರೆ, ಕಾಯ್ದಿರಿಸುವುದೇನೂ ನಡೆದೇ ಇರಲಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ಸುಮಾರು 11,000 ಮಾರಾಟ ತಾಣಗಳನ್ನು ಕಂಪ್ಯೂಟರ್ ಪ್ರೋಗ್ರಾಂ ಮೂಲಕ ಜಾಲಾಡಿದಾಗ 393 ಕೌಂಟ್‌ಡೌನ್ ಗಡಿಯಾರಗಳು ಸಿಕ್ಕವು. ಅವುಗಳಲ್ಲಿ 157 ಸುಳ್ಳು. ಅವರು ಸುಳ್ಳೆಂದು ತೀರ್ಮಾನಿಸಿದ್ದೂ ಇದೇ ಅಳತೆಗೋಲಿನಿಂದ: ಮುಗಿದ ಮೇಲೆ ಗಡಿಯಾರ ಮತ್ತೆ ಶುರುವಾಯಿತೆ, ಅಥವಾ ಮುಗಿದ ಮೇಲೂ ರಿಯಾಯಿತಿ ಹಾಗೇ ಉಳಿಯಿತೆ? ಈ ಅಂಕಿಯಲ್ಲಿ ಗಮನಿಸಬೇಕಾದ್ದು ಎರಡು. ಐದರಲ್ಲಿ ಎರಡು ಸುಳ್ಳು ಎನ್ನುವುದು ಒಂದು. ಉಳಿದ ಮೂರನ್ನು ಸುಳ್ಳೆಂದು ತೋರಿಸಲಾಗಲಿಲ್ಲ ಎನ್ನುವುದು ಇನ್ನೊಂದು. ಗಡಿಯಾರ ಕಂಡ ಮಾತ್ರಕ್ಕೆ ಮೋಸ ಎಂದು ಕೂಗುವಂತಿಲ್ಲ.

ಸ್ಟಾಕಿನ ಸುಳ್ಳು ಹಿಡಿಯುವುದು ಇದಕ್ಕಿಂತ ಕಷ್ಟ. ಹೊತ್ತು ಎಲ್ಲರಿಗೂ ಒಂದೇ, ಯಾರು ಬೇಕಾದರೂ ಅಳೆಯಬಹುದು. ಗೋದಾಮಿನೊಳಗೆ ಇಣುಕುವುದು ಹೇಗೆ? ಅದೇ ಅಧ್ಯಯನದಲ್ಲಿ ‘ಇಷ್ಟೇ ಉಳಿದಿವೆ’ ಎಂಬ ಬಗೆಯ 632 ಸೂಚನೆಗಳು ಸಿಕ್ಕಿದ್ದರೂ ಖಚಿತವಾಗಿ ಸುಳ್ಳೆಂದು ತೋರಿಸಲಾದದ್ದು 17 ಮಾತ್ರ. ಅವು ಸಂಖ್ಯೆಯನ್ನು ಮನಬಂದಂತೆ ಹುಟ್ಟಿಸುತ್ತಿದ್ದವು, ಇಲ್ಲವೇ ಯಾರು ಕೊಳ್ಳಲಿ ಬಿಡಲಿ ಮೊದಲೇ ಗೊತ್ತುಮಾಡಿದ ಲೆಕ್ಕದಂತೆ ಇಳಿಸುತ್ತಿದ್ದವು. ಉಳಿದವೆಲ್ಲ ನಿಜವೆಂದು ಇದರ ಅರ್ಥವಲ್ಲ. ಹೊರಗೆ ನಿಂತು ನೋಡಿದವರಿಗೆ ಅಷ್ಟೇ ಕಂಡದ್ದು.

ಆದರೂ ಕೊಳ್ಳುವವರ ಕೈಯಲ್ಲಿ ಒಂದೆರಡು ಉಪಾಯಗಳಿವೆ. ‘ಬರೀ 3 ಉಳಿದಿವೆ’ ಎಂದಿರುವ ಸೀರೆಯನ್ನು ಹತ್ತು ಎಂದು ನಮೂದಿಸಿ ಕಾರ್ಟಿಗೆ ಹಾಕಿ. ಲೆಕ್ಕ ಇಟ್ಟಿರುವ ಅಂಗಡಿಯಾದರೆ ಇಷ್ಟು ಇಲ್ಲ ಎಂದು ಅಲ್ಲೇ ತಡೆಯುತ್ತದೆ, ಇಲ್ಲವೇ ಹಣ ಕಟ್ಟುವ ಪುಟಕ್ಕೆ ಹೋಗುವಾಗ ತಡೆಯುತ್ತದೆ. ಅಲ್ಲಿಯವರೆಗೂ ಹತ್ತನ್ನೂ ಸರಾಗವಾಗಿ ಒಪ್ಪಿ 12,990 ರೂಪಾಯಿ ಬಿಲ್ಲು ತೋರಿಸಿದರೆ ‘ಮೂರು’ ಬರೀ ಬಣ್ಣದ ಮಾತು. ಆಮೇಲೆ ಅದೇ ತಾಣದ ಇನ್ನೂ ನಾಲ್ಕು ಸರಕು ತೆರೆಯಿರಿ. ಸೀರೆಗೂ ಚಪ್ಪಲಿಗೂ ಮಿಕ್ಸರಿಗೂ ಎರಡು, ಮೂರು, ಐದೇ ಉಳಿದಿದ್ದರೆ ಅದೆಂಥ ಕಾಕತಾಳೀಯ! ಒಂದೇ ಸೀರೆ ಇನ್‌ಕಾಗ್ನಿಟೊದಲ್ಲಿ ಮೂರಕ್ಕೆ ಬದಲು ಐದು ಎಂದು ತೋರಿಸಿದರೆ ಇನ್ನೂ ಸ್ಪಷ್ಟ. ಖರ್ಚಾದ ಸೀರೆ ವಾಪಸು ಹುಟ್ಟುವುದಿಲ್ಲ.

‘41 ಜನ ನೋಡುತ್ತಿದ್ದಾರೆ’ ಎಂಬುದಕ್ಕೆ ಮಾತ್ರ ನನಗೆ ಬಹಳ ಇಷ್ಟವಾದ ಪರೀಕ್ಷೆಯೊಂದಿದೆ. ಪುಟ ಪೂರ್ತಿ ತೆರೆದುಕೊಂಡ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ, ಪರದೆ ನೋಡುತ್ತಾ ಕೂರಿ. ಹೊರಜಗತ್ತಿನ ಜೊತೆ ಈಗ ಫೋನಿಗೆ ಯಾವ ಸಂಪರ್ಕವೂ ಇಲ್ಲ. ನಿಜವಾದ ಲೆಕ್ಕವಾಗಿದ್ದರೆ 41 ಅಲ್ಲೇ ನಿಂತುಬಿಡಬೇಕು. ಅದು 43, 39, 46 ಎಂದು ಕುಣಿಯುತ್ತಲೇ ಇದ್ದರೆ ಆ ಜನರೆಲ್ಲ ನಿಮ್ಮ ಫೋನಿನೊಳಗೇ ಹುಟ್ಟುತ್ತಿದ್ದಾರೆ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯವರು ಆಗಲೂ ಸೀರೆ ಕೊಳ್ಳುತ್ತಲೇ ಇರಬಹುದು. ಆದರೆ ಒಂದು ಎಚ್ಚರ: ಈ ಪರೀಕ್ಷೆಯನ್ನು ಗಡಿಯಾರಕ್ಕೆ ಹಚ್ಚಬೇಡಿ. ಸಾಚಾ ಗಡಿಯಾರವೂ ಸಂಪರ್ಕವಿಲ್ಲದೆ ಇಳಿಯುತ್ತಲೇ ಇರುತ್ತದೆ, ಸೆಕೆಂಡು ಎಣಿಸಲು ಅಂಗಡಿಯನ್ನು ಕೇಳಬೇಕಾಗಿಲ್ಲ. ಜನರ ಎಣಿಕೆಯಲ್ಲೂ ತಪ್ಪು ತೀರ್ಮಾನದ ದಾರಿಯಿದೆ. ಸಂಖ್ಯೆ ನಿಂತುಹೋಯಿತೆಂದು ಅದು ಸಾಚಾ ಆಗುವುದಿಲ್ಲ, ಸುಳ್ಳು ಸಂಖ್ಯೆ ಸರ್ವರಿನಿಂದಲೂ ಬರಬಹುದು. ಕುಣಿದರೆ ಮಾತ್ರ ಸುಳ್ಳೆಂದು ಖಚಿತ.

ನಿಜವಾದ ಕೊರತೆಯ ಸರಕಿಗೂ ನ್ಯಾಯ ಒದಗಿಸಬೇಕು. ಕೈಮಗ್ಗದ ಸೀರೆ ಮಾರುವ ಸಣ್ಣವರ ಹತ್ತಿರ ಒಂದು ಬಣ್ಣದ್ದು ಒಂದೇ ಇರುವುದುಂಟು. ಅವರು ‘ಒಂದೇ ಪೀಸ್’ ಎಂದರೆ ಅದು ಪಟ್ಟಲ್ಲ. ಅಂಥವರಿಗೆ ವಾಟ್ಸ್ಆ್ಯಪಿನಲ್ಲಿ ಬರೆದು, ಈ ಸೀರೆಯ ಸೆರಗನ್ನು ಬಿಡಿಸಿ ಇವತ್ತಿನ ಪತ್ರಿಕೆ ಪಕ್ಕದಲ್ಲಿಟ್ಟು ಒಂದು ಫೋಟೊ ಕಳಿಸುತ್ತೀರಾ ಎಂದು ಕೇಳಿದರೆ ಕಳಿಸುತ್ತಾರೆ. ಕದ್ದ ಚಿತ್ರ ಹಾಕಿಕೊಂಡು ಕೂತವರಿಗೆ ಅದು ಆಗದ ಕೆಲಸ. ಇನ್ನು ಮೈಸೂರು ರೇಷ್ಮೆಯ ಮಾತು. ಆ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಅಂದರೆ ಕೆಎಸ್ಐಸಿ ಅಪ್ಪಟ ರೇಷ್ಮೆ ಮತ್ತು ಚಿನ್ನದ ಜರಿಯಿಂದ ಮೈಸೂರಿನಲ್ಲಿ ನೇಯಿಸುವ ಸೀರೆಗೆ ಹತ್ತಾರು ಸಾವಿರ ರೂಪಾಯಿ. ಬೇಡಿಕೆಗೆ ತಕ್ಕಷ್ಟು ಸಿಗದೆ ಅದರ ಮಳಿಗೆಗಳ ಮುಂದೆ ಜನ ನಸುಕಿನಲ್ಲೇ ಸಾಲು ನಿಂತದ್ದೂ ಇದೆ. ಕೊರತೆ ನಿಜವಾಗಿರುವಲ್ಲಿ ಬೆಲೆ ಇಳಿಯುವುದಿಲ್ಲ. ಅತಿ ಕಡಿಮೆ ಸ್ಟಾಕು, ಅತಿ ಹೆಚ್ಚು ಬೇಡಿಕೆ, ಎಂಬತ್ತೈದು ಶೇಕಡಾ ರಿಯಾಯಿತಿ ಈ ಮೂರೂ ಒಂದೇ ಪುಟದಲ್ಲಿ ಇವೆ ಎಂದರೆ ವ್ಯಾಪಾರದ ಲೆಕ್ಕವೇ ತಲೆಕೆಳಗಾಗಿದೆ.

ಹಾಗಾದರೆ ಗಡಿಯಾರ ಸುಳ್ಳೆಂದು ಗೊತ್ತಾದ ಮೇಲೆ ಏನು ತಿಳಿದಂತಾಯಿತು? ಸೀರೆ ಬರುವುದೇ ಇಲ್ಲ ಎಂದೇನೂ ಅಲ್ಲ. ಸರಕು ಸರಿಯಾಗಿ ತಲುಪಿಸುವ, ಹೆಸರಿರುವ ಅಂಗಡಿಗಳೂ ಸುಳ್ಳು ಗಡಿಯಾರ ಇಟ್ಟುಕೊಂಡಿರುತ್ತವೆ. ಗಡಿಯಾರವೇ ಇಲ್ಲದ ಪುಟ ಪೂರ್ತಿ ಮೋಸವೂ ಆಗಿರಬಹುದು. ಆದರೆ ಗುರುತಿಲ್ಲದ ಅಂಗಡಿ ಹೇಳುವ ನೂರು ಮಾತಿನಲ್ಲಿ ನಾವು ಮನೆಯಲ್ಲೇ ಕೂತು ಪರೀಕ್ಷಿಸಬಹುದಾದ್ದು ಇದೊಂದೇ. ರೇಷ್ಮೆ ಅಪ್ಪಟವೇ, ಏಳು ದಿನದಲ್ಲಿ ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬುದೆಲ್ಲ ಹಣ ಕೊಟ್ಟ ಮೇಲೆ ತಿಳಿಯುವ ವಿಷಯ. ಪರೀಕ್ಷಿಸಬಹುದಾದ ಮಾತೇ ಸುಳ್ಳಾಗಿದ್ದರೆ, ಪರೀಕ್ಷಿಸಲಾಗದ ಮಾತುಗಳನ್ನು ಯಾವ ಧೈರ್ಯದ ಮೇಲೆ ನಂಬುವುದು? ನನ್ನ ಮಟ್ಟಿಗೆ, ಗುರುತಿಲ್ಲದ ತಾಣದಲ್ಲಿ ಸುಳ್ಳು ಗಡಿಯಾರ ಸಿಕ್ಕಿಬಿದ್ದರೆ ಮುಂಗಡ ಹಣದ ಮಾತೇ ಇಲ್ಲ.

ಗಡಿಯಾರ ನಮ್ಮಿಂದ ತಪ್ಪಿಸಲು ನೋಡುವ ಕೆಲಸಗಳು ಬಹಳ ಸರಳ. ಪುಟದ ತೀರಾ ಕೆಳಗೆ ಹೋಗಿ ವಿಳಾಸ ಹುಡುಕುವುದು ಅದರಲ್ಲಿ ಮೊದಲನೆಯದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಕಾಣುವಂತೆ ಹಾಕಲೇಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬರೀ ಒಂದು ಜಿಮೇಲ್ ವಿಳಾಸವೋ ತುಂಬಿ ಕಳಿಸುವ ಫಾರಮ್ಮೋ ಇದ್ದರೆ ನಿಯಮ ಅಲ್ಲೇ ಮುರಿದಿದೆ. ಎರಡನೆಯದು ತಾಣದ ವಯಸ್ಸು. lookup.icann.org ಎಂಬಲ್ಲಿ ತಾಣದ ಹೆಸರು ಹಾಕಿದರೆ Created ಎಂಬ ಸಾಲಿನಲ್ಲಿ ಆ ಹೆಸರು ನೋಂದಣಿಯಾದ ದಿನ ಕಾಣುತ್ತದೆ. ‘25 ವರ್ಷಗಳ ನಂಬಿಕೆಯ ಸಂಸ್ಥೆ’ಯ ತಾಣ ಹೋದ ತಿಂಗಳು ಹುಟ್ಟಿದ್ದರೆ ಯೋಚಿಸಬೇಕು. ಮೂರನೆಯದು, ಯುಪಿಐ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬರುವ ಹೆಸರು. ಸೀರೆ ಅಂಗಡಿಗೆ ಕೊಡುವ ಹಣ ಸಂಬಂಧವೇ ಇಲ್ಲದ ಯಾರದೋ ಹೆಸರಿಗೆ ಹೋಗುತ್ತಿದ್ದರೆ ಅಲ್ಲಿಂದಲೇ ಹಿಂದಕ್ಕೆ ಬನ್ನಿ. ಪಿನ್ ಒತ್ತುವ ಹೊತ್ತಿಗೆ ಗಡಿಯಾರದಲ್ಲಿ ನಲವತ್ತು ಸೆಕೆಂಡು ಉಳಿದಿದ್ದರೆ ಆ ಹೆಸರನ್ನು ಓದುವವರು ಎಷ್ಟು ಜನ?

ಇದನ್ನು ಹೇಳುವುದಕ್ಕೆ ಕಾರಣವಿದೆ. ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಸಾಮಾನ್ಯವಾಗಿ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮವನ್ನು ಹಲವರು ಕೇಳಿರುತ್ತಾರೆ. ಇಲ್ಲಿ ಪಿನ್ ಒತ್ತಿದವರು ನಾವೇ, ಒಪ್ಪಿ ಕೊಟ್ಟ ಹಣ. ಹಾಗಾಗಿ ಆ ರಕ್ಷಣೆಯ ಆಸರೆ ಸುಲಭವಾಗಿ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, ಸರಕು ಬಂದಿಲ್ಲವೆಂದು ಬ್ಯಾಂಕಿನ ಮುಂದೆ ತಕರಾರು ಎತ್ತುವ ದಾರಿಯಾದರೂ ಇದೆ. ಕ್ಯಾಶ್ ಆನ್ ಡೆಲಿವರಿ ಸುರಕ್ಷಿತ ಎಂಬ ನಂಬಿಕೆಯೂ ಅರ್ಧ ಮಾತ್ರ ಸರಿ, ಪೊಟ್ಟಣ ಬಿಚ್ಚುವ ಮೊದಲೇ ಹಣ ಕೊಡಬೇಕಾಗುತ್ತದೆ. ಮನಸ್ಸು ಬದಲಾದರೆ ಬಾಗಿಲಲ್ಲೇ ಬೇಡವೆನ್ನಬಹುದು ಎಂಬುದಷ್ಟೇ ಅದರ ಅನುಕೂಲ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿ ನಿಷೇಧಿಸಿದೆ. ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ಇಲ್ಲದ ತುರ್ತನ್ನು ಇದೆಯೆಂದು ತೋರಿಸಿ ತಕ್ಷಣ ಕೊಳ್ಳುವಂತೆ ಮಾಡುವುದು, ಬೇಡಿಕೆ ಹೆಚ್ಚಿದೆ ಎಂದು ಸುಳ್ಳು ಲೆಕ್ಕ ಕೊಡುವುದು, ಸರಕು ಕಡಿಮೆಯಿದೆ ಎಂದು ನಂಬಿಸುವುದು ಎಲ್ಲ ಇದರಡಿ ಬರುತ್ತವೆ. ‘ಎರಡೇ ಕೋಣೆ ಉಳಿದಿವೆ, ಮೂವತ್ತು ಜನ ನೋಡುತ್ತಿದ್ದಾರೆ’ ಎಂಬ ಹೋಟೆಲ್ ಬುಕಿಂಗಿನ ಮಾತನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಭಾರತದಲ್ಲಿ ಸರಕು ಸೇವೆ ಒದಗಿಸುವ ಎಲ್ಲ ವೇದಿಕೆಗಳಿಗೂ ಇದು ಅನ್ವಯ. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ವೇದಿಕೆಗಳಿಗೆ, ಮೂರು ತಿಂಗಳೊಳಗೆ ನಿಮ್ಮ ಪುಟಗಳನ್ನು ನೀವೇ ತಪಾಸಣೆ ಮಾಡಿಕೊಂಡು ಇಂಥವನ್ನು ತೆಗೆಯಿರಿ ಎಂದು ಸಲಹೆ ನೀಡಿತು. ದೊಡ್ಡ ವೇದಿಕೆಗಳಿಗೆ ನೋಟಿಸು ಕೊಡಬಹುದು. ವಿಳಾಸವೇ ಇಲ್ಲದೆ, ಹಬ್ಬಕ್ಕೆ ಹುಟ್ಟಿ ಹಬ್ಬ ಮುಗಿಯುತ್ತಲೇ ಹೆಸರು ಬದಲಿಸುವ ತಾಣಕ್ಕೆ ನೋಟಿಸು ಕೊಡುವುದು ಎಲ್ಲಿಗೆ? ಕಾನೂನಿನ ಕೈ ಸೋಲುವುದು ಇಲ್ಲೇ.

ಅದಕ್ಕೇ ದೂರಿಗೆ ಪುರಾವೆ ಬಲವಾಗಿರಬೇಕು. ಪರೀಕ್ಷೆ ಮಾಡುವಾಗ ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಕೊಳ್ಳಿ. ತಾಣದ ಪೂರ್ತಿ ವಿಳಾಸ, ಫೋನಿನ ಸಮಯ, ಗಡಿಯಾರ ಸೊನ್ನೆಯಾದದ್ದು, ಮತ್ತೆ ಶುರುವಾದದ್ದು ಎಲ್ಲ ಒಂದೇ ವೀಡಿಯೊದಲ್ಲಿ ಇರಲಿ. ಕೊಳ್ಳದಿದ್ದರೂ ಅದನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915ಕ್ಕೆ ಕರೆ ಮಾಡಿ ಅಥವಾ consumerhelpline.gov.in ಮೂಲಕ ತಿಳಿಸಬಹುದು. ಹಣ ಕೊಟ್ಟು ಮೋಸ ಹೋಗಿದ್ದರೆ ಆ ದಾರಿ ಅಲ್ಲ, ತಡಮಾಡದೆ 1930ಕ್ಕೆ ಕರೆ ಮಾಡಿ cybercrime.gov.in ನಲ್ಲಿ ದೂರು ದಾಖಲಿಸಬೇಕು, ಬ್ಯಾಂಕಿಗೂ ಹೇಳಬೇಕು. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಹಿಡಿಸುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಅವಸರ ಮಾಡಬೇಕಾದ್ದು ಅದೊಂದೇ ಕಡೆ.